ಅಜ್ಜನ ಆಯ, ಮೊಮ್ಮಗನ ಫೌಂಡ್ರಿ: ಯಾವುದು ಯಾಂತ್ರಿಕ, ಯಾವುದು ಸಾವಯವ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಹುನಗುಂದ ತಾಲೂಕಿನ ಹಳ್ಳಿ. ಅಜ್ಜ ಬಡಿಗತನ ಮಾಡ್ತಿದ್ದರು, ಅದಕ್ಕೆ ಸುಗ್ಗಿಯಲ್ಲಿ ಊರಿನಿಂದ ಕಾಳಿನ ಪಾಲು, ಅಂದರೆ ಆಯ ತಗೋತಿದ್ದರು. ನಾನು ಬೆಳಗಾವಿ ಉದ್ಯಮಬಾಗದ ಫೌಂಡ್ರಿಯಲ್ಲಿ ಎರಕ ಉಜ್ಜಿ ಸ್ವಚ್ಛ ಮಾಡುವ ಫೆಟ್ಲಿಂಗ್ ಕೆಲಸ ಮಾಡ್ತಾ ಸಮಾಜಶಾಸ್ತ್ರ ಎಂ.ಎ. ಕಟ್ಟಿದ್ದೇನೆ. ಹಳ್ಳಿಯದು ಯಾಂತ್ರಿಕ ಐಕ್ಯತೆ, ನಗರದ್ದು ಸಾವಯವ ಐಕ್ಯತೆ ಅಂತ ನೋಟ್ಸ್‌ನಲ್ಲಿದೆ. ಆದರೆ ನಮ್ಮೂರಲ್ಲಿ ಬಡಿಗ, ಕಂಬಾರ, ಕುಂಬಾರ ಎಲ್ಲರೂ ಬೇರೆ ಬೇರೆ ಕೆಲಸ ಮಾಡ್ತಿದ್ದರು, ಒಬ್ಬರಿಗೊಬ್ಬರು ಬೇಕಾಗಿದ್ದರು. ಇಲ್ಲಿ ಪಕ್ಕದ ರೂಮಿನವನ ಹೆಸರೂ ನನಗೆ ಗೊತ್ತಿಲ್ಲ. ಇದು ಉಲ್ಟಾ ಆಯ್ತಲ್ವಾ?

ಉತ್ತರ: ನಿಮ್ಮ ಗೊಂದಲಕ್ಕೆ ಅರ್ಧ ಕಾರಣ ಆ ಎರಡು ಹೆಸರುಗಳೇ. ಯಂತ್ರಗಳಿರುವುದು ಉದ್ಯಮಬಾಗದಲ್ಲಿ, ಆದರೆ ‘ಯಾಂತ್ರಿಕ’ ಅನ್ನಿಸಿಕೊಂಡಿದ್ದು ನಿಮ್ಮ ಹಳ್ಳಿ. ಇನ್ನು ‘ಸಾವಯವ’ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಮಹಾಲಿಂಗಪುರದ ಪೇಟೆಯಲ್ಲಿ ನಾಲ್ಕು ರೂಪಾಯಿ ಜಾಸ್ತಿಗೆ ಮಾರುವ ಬೆಲ್ಲ. ಎರಡೂ ಅರ್ಥ ಇಲ್ಲಿ ಸಲ್ಲುವುದಿಲ್ಲ.

ಈ ಹೆಸರುಗಳನ್ನು ಕೊಟ್ಟ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1893ರಲ್ಲಿ ಶ್ರಮ ವಿಭಜನೆಯ ಮೇಲಿನ ತನ್ನ ಪುಸ್ತಕ ತಂದಾಗ ಅವನ ಮನಸ್ಸಿನಲ್ಲಿದ್ದದ್ದು ಕಲ್ಲು ಮತ್ತು ದೇಹ. ಕಲ್ಲಿನ ಕಣಗಳೆಲ್ಲ ಒಂದೇ ಥರ, ಅದಕ್ಕೇ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದು ಚೂರು ಒಡೆದರೂ ಉಳಿದದ್ದು ಕಲ್ಲೇ. ಈ ಅಂಟನ್ನು ಅವನು ಯಾಂತ್ರಿಕ ಅಂದ. ದೇಹ ಹಾಗಲ್ಲ. ಹೃದಯದ ಕೆಲಸ ಬೇರೆ, ಶ್ವಾಸಕೋಶದ ಕೆಲಸ ಬೇರೆ. ಬೇರೆ ಆಗಿರುವುದರಿಂದಲೇ ಒಂದನ್ನು ಬಿಟ್ಟು ಇನ್ನೊಂದು ಬದುಕುವುದಿಲ್ಲ. ಈ ಬೆಸುಗೆ ಸಾವಯವ. ನಿಮಗೆ ಉಲ್ಟಾ ಅನ್ನಿಸಿದ್ದು ಹೊಸದೇನೂ ಅಲ್ಲ. ಜರ್ಮನಿಯ ಫರ್ಡಿನಾಂಡ್ ಟೋನಿಸ್ 1887ರಲ್ಲೇ ಹಳ್ಳಿಯ ಬದುಕು ಜೀವಂತ, ನಗರದ್ದು ಯಂತ್ರದಂಥದ್ದು ಎಂದು ಬರೆದಿದ್ದ. ಡರ್ಖೈಮ್ ಆ ಪುಸ್ತಕವನ್ನು ವಿಮರ್ಶಿಸಿದ್ದ. ಅದೇ ಮಾತುಗಳನ್ನು ತಿರುಗಿಸಿ ಇಟ್ಟದ್ದರಲ್ಲಿ ಅವನ ತಕರಾರು ಅಡಗಿದೆ: ನಗರದಲ್ಲೂ ಒಂದು ಬೆಸುಗೆ ಇದೆ, ಅದು ಬರೀ ಲೆಕ್ಕಾಚಾರದಿಂದ ಬಂದದ್ದಲ್ಲ.

ಇನ್ನೊಂದು ಗಂಟನ್ನೂ ಈಗಲೇ ಬಿಚ್ಚೋಣ. ಐಕ್ಯತೆ ಅಂದರೆ ಅವನಿಗೆ ಪ್ರೀತಿಯೂ ಅಲ್ಲ, ಪರಿಚಯವೂ ಅಲ್ಲ. ಪಕ್ಕದ ರೂಮಿನವನ ಹೆಸರು ನಿಮಗೆ ಗೊತ್ತೋ ಇಲ್ಲವೋ ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ. ಐಕ್ಯತೆಯನ್ನು ಕಣ್ಣಿನಿಂದ ನೋಡಲಾಗದು. ಹಾಗಾಗಿ ಅದು ಹೊರಗೆ ಬಿಡುವ ಗುರುತನ್ನು ಹುಡುಕಬೇಕು. ಆ ಗುರುತು ಕಾನೂನು ಎಂದ ಡರ್ಖೈಮ್. ನಾನು ಪಾಠ ಮಾಡುವಾಗ ಇದನ್ನೇ ಸುಲಭವಾಗಿ ಹೇಳುತ್ತಿದ್ದೆ: ನಿಯಮ ಮುರಿದಾಗ ಏನಾಗುತ್ತದೆ ಅಂತ ನೋಡಿ.

ನಮ್ಮ ಸೀಮೆಯವರಿಗೆಲ್ಲ ಗೊತ್ತಿರುವ ಒಂದು ಕಥೆ ತೆಗೆದುಕೊಳ್ಳುತ್ತೇನೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಪರಂಪರೆ ಹೇಳುವಂತೆ ಇಬ್ಬರು ಬೀಗರಿಗೂ ಎಳೆಹೂಟೆ ಶಿಕ್ಷೆ ಆಯಿತು, ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಇಲ್ಲಿ ನಷ್ಟ ಯಾರಿಗಾಗಿತ್ತು? ಯಾರ ಹೊಲವೂ ಹೋಗಿರಲಿಲ್ಲ, ಯಾರ ಸಾಲವೂ ಮುಳುಗಿರಲಿಲ್ಲ. ಇಬ್ಬರ ಮನೆಯವರೂ ಒಪ್ಪಿದ್ದರು. ಏಟು ಬಿದ್ದದ್ದು ‘ಹೀಗೆ ಆಗಬಾರದು’ ಎಂಬ ಊರಿನ ಒಟ್ಟು ಭಾವನೆಗೆ. ಈ ಒಟ್ಟು ಭಾವನೆಯನ್ನು ಡರ್ಖೈಮ್ ಸಾಮೂಹಿಕ ಪ್ರಜ್ಞೆ ಎಂದು ಕರೆದ. ಒಂದು ಕೆಲಸ ಅಪರಾಧ ಆಗಿರುವುದರಿಂದ ನಮಗೆ ಸಿಟ್ಟು ಬರುವುದಲ್ಲ, ನಮಗೆಲ್ಲ ಸಿಟ್ಟು ಬರುವುದರಿಂದಲೇ ಅದು ಅಪರಾಧ ಆಗುತ್ತದೆ ಎಂಬುದು ಅವನ ವಾದ. ಶಿಕ್ಷೆ ಎಲ್ಲರ ಕಣ್ಣೆದುರು, ಸೇಡಿನ ಕಾವಿನಲ್ಲಿ ನಡೆಯುತ್ತದೆ. ಇದು ದಮನದ ಕಾನೂನು, ಯಾಂತ್ರಿಕ ಐಕ್ಯತೆಯ ಗುರುತು. ಎಲ್ಲರೂ ಒಂದೇ ಥರ ಇರುವುದೇ ಸಮಾಜದ ಅಂಟಾಗಿದ್ದಲ್ಲಿ, ಒಬ್ಬ ಬೇರೆ ಥರ ನಡೆದರೂ ಆ ಅಂಟು ಬಿಡುತ್ತದೆ.

ಈಗ ಮುಧೋಳಕ್ಕೆ ಬನ್ನಿ. ಒಬ್ಬ ರೈತ 50 ಟನ್ ಕಬ್ಬು ಕಾರ್ಖಾನೆಗೆ ಕಳಿಸಿದ ಅಂತ ಇಟ್ಟುಕೊಳ್ಳಿ. ಟನ್ನಿಗೆ ₹3,000ದ ಲೆಕ್ಕ ಹಿಡಿದರೆ ₹1,50,000 ಬರಬೇಕು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಆ ಗಡುವಿನ ಮೇಲೆ 60 ದಿನ ತಡವಾಯಿತು ಅಂದರೆ ಬಡ್ಡಿ ಹತ್ತಿರ ಹತ್ತಿರ ₹3,700. ಈ ನಿಯಮದ ಗುಣ ಗಮನಿಸಿ. ಇದು ಯಾರನ್ನೂ ಆನೆಯ ಕಾಲಿಗೆ ಕಟ್ಟುವುದಿಲ್ಲ. ತಪ್ಪಿದ್ದನ್ನು ತಪ್ಪುವ ಮುಂಚಿನ ಸ್ಥಿತಿಗೆ ತಂದು ನಿಲ್ಲಿಸುತ್ತದೆ, ಅಷ್ಟೇ. ಇದು ಸರಿಪಡಿಸುವ ಕಾನೂನು, ಸಾವಯವ ಐಕ್ಯತೆಯ ಗುರುತು. ಬಡ್ಡಿ ಶೇಕಡಾ 15 ಇರಬೇಕೋ 12 ಇರಬೇಕೋ ಅಂತ ಇಳಕಲ್ಲಿನ ನೇಕಾರರಿಗೆ ರಕ್ತ ಕುದಿಯುವುದಿಲ್ಲ. ಅದು ವಕೀಲರ, ಲೆಕ್ಕಿಗರ, ಅಧಿಕಾರಿಗಳ ಮಾತು. (ಈ ಆದೇಶ ಬಂದದ್ದು ಅವಶ್ಯಕ ವಸ್ತುಗಳ ಕಾಯ್ದೆಯ ಕೆಳಗೆ, ಅದರಲ್ಲಿ ಜೈಲಿನ ಕಲಮೂ ಇದೆ. ನಿಜವಾದ ಕಾನೂನುಗಳು ಹೀಗೆ ಬೆರಕೆಯೇ. ನೋಡಬೇಕಾದ್ದು ಯಾವ ಗುಣ ಜಾಸ್ತಿ ಇದೆ ಅಂತ.)

ಈ ಅಳತೆಗೋಲು ಹಿಡಿದು ನಿಮ್ಮ ಅಜ್ಜನ ಆಯಕ್ಕೆ ಹೋಗೋಣ. ನಿಮ್ಮ ಆಕ್ಷೇಪದಲ್ಲಿ ಗಟ್ಟಿ ಇರುವುದು ಇಲ್ಲೇ.

ನಿಮ್ಮ ಅಜ್ಜ ವರ್ಷವಿಡೀ ರಂಟಿ, ಕುಂಟಿ, ಕೂರಿಗೆ ಮಾಡಿಕೊಟ್ಟು, ಮುರಿದರೆ ರಿಪೇರಿ ಮಾಡುತ್ತಿದ್ದರು. ಕಂಬಾರ ಕುಡ ಹಣಿಯುತ್ತಿದ್ದ, ಕುಂಬಾರ ಗಡಿಗೆ ಕೊಡುತ್ತಿದ್ದ. ಇಷ್ಟು ಕೆಲಸಕ್ಕೆ ಇಷ್ಟು ದುಡ್ಡು ಎಂಬ ಲೆಕ್ಕ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರಾಶಿಯಿಂದ ಪದ್ಧತಿಯ ಪ್ರಕಾರ ಜೋಳ ಸಿಗುತ್ತಿತ್ತು. ಆ ವರ್ಷ ರಂಟಿ ಒಂದು ಸಲ ಮುರಿದಿರಲಿ, ಐದು ಸಲ ಮುರಿದಿರಲಿ, ಆಯ ಆಯವೇ. ಇದು ಶ್ರಮ ವಿಭಜನೆ ಹೌದಾ? ಖಂಡಿತ ಹೌದು. ನಿಮ್ಮ ನೋಟ್ಸ್ ಅದನ್ನು ಮರೆತಿದ್ದರೆ ತಪ್ಪು ನೋಟ್ಸಿನದು.

ಆದರೂ ಅದು ಡರ್ಖೈಮ್ ಹೇಳಿದ ಸಾವಯವ ಐಕ್ಯತೆ ಆಗುವುದಿಲ್ಲ ಎಂಬುದು ನನ್ನ ತೀರ್ಮಾನ. ಯಾಕೆಂದರೆ ನೀವು ಒಂದೇ ಊರಿನೊಳಗೆ ನೋಡುತ್ತಿದ್ದೀರಿ. ಊರ ಹೊರಗೆ ಬಂದು ನಾಲ್ಕು ಊರುಗಳನ್ನು ಒಟ್ಟಿಗೆ ನೋಡಿ. ನಿಮ್ಮೂರಲ್ಲಿ ಒಬ್ಬ ಬಡಿಗ, ಒಬ್ಬ ಕಂಬಾರ, ಒಬ್ಬ ಕುಂಬಾರ. ಪಕ್ಕದ ಊರಲ್ಲೂ ಅಷ್ಟೇ. ಅದರಾಚೆಯ ಊರಲ್ಲೂ ಅಷ್ಟೇ. ಆಯದ ಪದ್ಧತಿ ಒಂದೊಂದು ಊರನ್ನೂ ತನ್ನಷ್ಟಕ್ಕೆ ತಾನು ಪೂರ್ಣ ಮಾಡಿ ಇಡುತ್ತಿತ್ತು. ಊರಿನ ಒಳಗೆ ವ್ಯತ್ಯಾಸ, ಊರು ಊರುಗಳ ನಡುವೆ ಒಂದೇ ಅಚ್ಚು. ಡರ್ಖೈಮ್ ಇಂಥದ್ದನ್ನು ಎರೆಹುಳುವಿನ ಉಂಗುರಗಳಿಗೆ ಹೋಲಿಸಿದ. ಒಂದು ಊರು ಬರದಲ್ಲಿ ಗುಳೆ ಹೋಗಿ ಖಾಲಿಯಾದರೂ ಪಕ್ಕದೂರಿನ ಬಡಿಗತನ ನಿಲ್ಲುತ್ತಿರಲಿಲ್ಲ. ಇನ್ನು ಊರೊಳಗೂ ಹೆಚ್ಚಿನ ಮನೆಗಳು ಮಾಡುತ್ತಿದ್ದದ್ದು ಒಂದೇ ಕೆಲಸ, ಒಕ್ಕಲುತನ. ಕಳೆ ಕೀಳಲು ಮುಯ್ಯಾಳು ಹೋಗುತ್ತಿದ್ದರಲ್ಲ, ಅದು ಒಂದೇ ಕೆಲಸದವರ ನಡುವಿನ ಲೇವಾದೇವಿ. ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ.

ಇನ್ನು ನಿಯಮ ಮುರಿದಾಗ? ಆಯ ಕೊಡದವನ ಮೇಲೆ ಬಡಿಗ ದಾವೆ ಹೂಡುತ್ತಿರಲಿಲ್ಲ. ಹಿರಿಯರು ಕೂಡುತ್ತಿದ್ದರು. ಮಾತು ಮೀರಿದರೆ ಊರೆಲ್ಲ ಸೇರಿ ಆ ಮನೆಗೆ ಬೆಂಕಿ, ನೀರು ಬಂದ್ ಮಾಡುವ ಮಟ್ಟಕ್ಕೂ ಹೋಗುತ್ತಿತ್ತು. ಆಯಗಾರನಿಗೆ ಜಾತ್ರೆಯಲ್ಲಿ, ಮದುವೆಯಲ್ಲಿ, ಸಾವಿನಲ್ಲಿ ಗೊತ್ತಾದ ಜಾಗ ಇತ್ತು. ಆ ಜಾಗ ತಪ್ಪಿದರೆ ಅವಮಾನ ಒಬ್ಬನದಲ್ಲ, ಊರಿನದು. ಕೆಲಸದ ಕರಾರು, ಜಾತಿಯ ಮರ್ಯಾದೆ, ದೇವರ ಸೇವೆ ಮೂರೂ ಒಂದೇ ಹಗ್ಗದಲ್ಲಿ ಹೊಸೆದಿದ್ದವು.

ಮೂರನೆಯದು ಹುಟ್ಟು. ನಿಮ್ಮ ಅಜ್ಜನಿಗೆ ಕುಂಬಾರನ ತಿಗರಿ ಎಷ್ಟು ಇಷ್ಟವಾಗಿದ್ದರೂ ಅದರ ಮುಂದೆ ಕೂರುವಂತಿರಲಿಲ್ಲ. ಡರ್ಖೈಮ್ ಪುಸ್ತಕದ ಕೊನೆಯ ಭಾಗದಲ್ಲಿ ಒತ್ತಾಯದ ಶ್ರಮ ವಿಭಜನೆ ಎಂಬ ಮಾತು ತರುತ್ತಾನೆ. ಅಲ್ಲಿ ಜಾತಿಯ ಪ್ರಸ್ತಾಪವೂ ಇದೆ. ಕೆಲಸ ಹಂಚಿದರೆ ಸಾಲದು, ಆಳಿನ ಸ್ವಭಾವಕ್ಕೆ ಒಪ್ಪುವ ಹಾಗೆ ಹಂಚಿರಬೇಕು. ಇಲ್ಲದಿದ್ದರೆ ಅದು ಕೂಡಿಸುವ ಬದಲು ಒಡೆಯುತ್ತದೆ. ಆದರೆ ಸಂಪ್ರದಾಯ ಗಟ್ಟಿಯಾಗಿದ್ದಾಗ ಜನ ಅದನ್ನು ಒತ್ತಾಯ ಅಂತ ಅನುಭವಿಸುವುದಿಲ್ಲ ಎಂಬ ಧಾಟಿಯ ಮಾತನ್ನೂ ಅವನು ಸೇರಿಸಿದ. ಇದನ್ನು ನಾನು ಒಪ್ಪುವುದಿಲ್ಲ. ಕಣದ ಅಂಚಿನಲ್ಲಿ ದೂರ ನಿಂತು, ಎಲ್ಲರದೂ ಮುಗಿದ ಮೇಲೆ ಕಡೆಯ ಪಾಲು ತೆಗೆದುಕೊಂಡು ಹೋಗುತ್ತಿದ್ದವರನ್ನು ಅವನು ಒಂದು ಮಾತು ಕೇಳಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಅವನ ಜೊತೆಗಾರ ಸೆಲೆಸ್ಟಿನ್ ಬೂಗ್ಲೆ 1908ರಲ್ಲಿ ಜಾತಿಯ ಮೇಲೆಯೇ ಪುಸ್ತಕ ಬರೆದು ಮೂರು ಗುಣ ಗುರುತಿಸಿದ: ಹುಟ್ಟಿನಿಂದ ಬರುವ ಕಸುಬು, ಮೇಲು ಕೀಳು, ಒಬ್ಬರನ್ನೊಬ್ಬರು ದೂರ ಇಡುವುದು. ಆಯವನ್ನು ಬರೀ ಪರಸ್ಪರ ಸಹಾಯ ಅನ್ನುವವರಿಗೆ ಕೊನೆಯ ಎರಡು ಕಾಣಿಸುವುದಿಲ್ಲ.

ಹಾಗಾದರೆ ಒಂದು ಸಮಾಜ ಈ ಕಡೆಯಿಂದ ಆ ಕಡೆಗೆ ಯಾಕೆ ಹೋಗುತ್ತದೆ? ‘ಜಾಸ್ತಿ ಉತ್ಪಾದನೆ, ಜಾಸ್ತಿ ಸುಖ, ಅದಕ್ಕೇ ಜನ ಕೆಲಸ ಹಂಚಿಕೊಂಡರು’ ಎಂಬ ಅರ್ಥಶಾಸ್ತ್ರದ ಉತ್ತರವನ್ನು ಡರ್ಖೈಮ್ ತಳ್ಳಿಹಾಕಿದ. ಸುಖ ಜಾಸ್ತಿಯಾಗಿದ್ದರೆ ಯುರೋಪಿನ ನಗರಗಳಲ್ಲಿ ಆತ್ಮಹತ್ಯೆ ಯಾಕೆ ಹೆಚ್ಚಾಗುತ್ತಿತ್ತು ಎಂದು ಕೇಳಿದ. ಅವನ ಉತ್ತರ ಬೇರೆ. ಜನಸಂಖ್ಯೆ ಬೆಳೆಯಿತು, ರಸ್ತೆ ರೈಲು ಬಂದವು, ಮೊದಲು ದೂರ ದೂರ ಇದ್ದವರು ಒಬ್ಬರಿಗೊಬ್ಬರು ತಾಗತೊಡಗಿದರು. ಇದನ್ನು ಅವನು ಸಾಂದ್ರತೆ ಅಂದ. ಒಂದೇ ಕೆಲಸದವರು ಒಂದೇ ಪೇಟೆಗೆ ಬಿದ್ದರೆ ಪೈಪೋಟಿ. ಸೋತವನಿಗೆ ದಾರಿ ಎರಡು: ಸಾಯುವುದು, ಇಲ್ಲವೇ ಬೇರೆ ಕೆಲಸ ಹಿಡಿಯುವುದು. ಡಾರ್ವಿನ್ನನಿಂದ ಪಡೆದ ವಿಚಾರ ಇದು. ಬೇರೆ ಕೆಲಸದವರು ಅದೇ ಓಣಿಯಲ್ಲಿ ಜಗಳವಿಲ್ಲದೆ ಇರಬಹುದು.

ನಿಮ್ಮ ಮನೆತನದ ಕಸುಬನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಊರಲ್ಲಿ ಒಬ್ಬನೇ ಬಡಿಗ ಇದ್ದಾಗ ರಂಟಿಯಿಂದ ತೊಟ್ಟಿಲವರೆಗೆ ಎಲ್ಲ ಅವನದೇ. ರಸ್ತೆಯಾಯಿತು, ಬಸ್ಸು ಬಂತು. ಪಕ್ಕದೂರಿನ ಬಡಿಗ, ಪಟ್ಟಣದ ಫರ್ನಿಚರ್ ಅಂಗಡಿ, ಕಬ್ಬಿಣದ ನೇಗಿಲು ಎಲ್ಲ ಒಂದೇ ಸಲಕ್ಕೆ ಎದುರು ನಿಂತವು. ಟ್ರ್ಯಾಕ್ಟರ್ ಬಂದ ಮೇಲೆ ರಂಟಿಯೇ ಹೋಯಿತು. ಆಗ ಬಡಿಗತನ ಹೋಳಾಯಿತು. ಒಬ್ಬ ಬಾಗಿಲು ಚೌಕಟ್ಟಿಗೆ ನಿಂತ, ಒಬ್ಬ ಸೋಫಾಕ್ಕೆ, ಒಬ್ಬ ಸೆಂಟ್ರಿಂಗ್‌ಗೆ. ಇನ್ನೊಬ್ಬ ಫೌಂಡ್ರಿಯಲ್ಲಿ ಎರಕದ ಅಚ್ಚಿಗೆ ಬೇಕಾದ ಮರದ ಮಾದರಿ, ಅಂದರೆ ಪ್ಯಾಟರ್ನ್ ಮಾಡಲು ಕೂತ. ಕಬ್ಬಿಣ ಆರಿದಾಗ ಕುಗ್ಗುತ್ತದೆ, ಅದಕ್ಕೆ ಮರದ ಪ್ಯಾಟರ್ನನ್ನು ಮೀಟರಿಗೆ ಸುಮಾರು 10 ಮಿಲಿಮೀಟರ್ ದೊಡ್ಡದು ಮಾಡಬೇಕು ಅಂತ ನಿಮಗೆ ಗೊತ್ತೇ ಇದೆ. ಅದೇ ಉಳಿ, ಅದೇ ಕೈ. ಆದರೆ ಈಗ ಅವನಿಗೆ ರಂಟಿ ಮಾಡಲು ಬರುವುದಿಲ್ಲ, ಅವನ ಪ್ಯಾಟರ್ನ್ ಇಲ್ಲದೆ ಮರಳಿನ ಅಚ್ಚು ಕಟ್ಟುವ ಮೋಲ್ಡರ್‌ಗೆ ಕೆಲಸ ಇಲ್ಲ.

ಈಗ ನಿಮ್ಮ ಶೆಡ್ಡಿನೊಳಗೇ ನಿಂತು ನೋಡಿ. ಪ್ಯಾಟರ್ನ್, ಮರಳು, ಕೋರ್, ಕರಗಿಸುವ ಕುಲುಮೆ, ಎರಕ, ಕಡೆಗೆ ನಿಮ್ಮ ಫೆಟ್ಲಿಂಗ್. ಮರಳಿನಲ್ಲಿ ನೀರು ಜಾಸ್ತಿಯಾದರೆ ಆವಿ ಹೊರಗೆ ಹೋಗಲು ದಾರಿ ಸಿಗದೆ ಎರಕದೊಳಗೆ ಗುಳ್ಳೆ ಉಳಿಯುತ್ತದೆ. ಮರಳು ಕಲಸಿದವನಿಗೆ ಅದು ಕಾಣುವುದಿಲ್ಲ. ನೀವು ಗ್ರೈಂಡಿಂಗ್ ಮಾಡುವಾಗ ತೂತು ಬಾಯಿ ಬಿಡುತ್ತದೆ. ಕೆಲವು ಸಲ ನಿಮಗೂ ಕಾಣದೆ, ಗಿರಾಕಿಯ ಮೆಷಿನ್ ಶಾಪಿನಲ್ಲಿ ಬೋರ್ ಹಾಕುವಾಗ ಕಾಣುತ್ತದೆ. ಆಗೇನಾಗುತ್ತದೆ? ಮರಳಿನವನನ್ನು ಯಾರೂ ಚೌಕಿಗೆ ಎಳೆಯುವುದಿಲ್ಲ. ಗಿರಾಕಿಯಿಂದ ಡೆಬಿಟ್ ನೋಟ್ ಬರುತ್ತದೆ. ಎರಕದ ಬೆಲೆ ಕಡಿತ, ಕೆಲವೊಮ್ಮೆ ಮೆಷಿನಿಂಗ್ ಖರ್ಚೂ ಕಡಿತ. ಕಬ್ಬಿನ ಬಡ್ಡಿಯ ಜಾತಿಗೇ ಸೇರಿದ್ದು ಇದು.

ಆ ಡೆಬಿಟ್ ನೋಟಿನ ಹಿಂದೆ ಇನ್ನೊಂದು ಸಂಗತಿ ಇದೆ, ಪರೀಕ್ಷೆಗೆ ಬೇಕಾದದ್ದು ಅದೇ. ನೂರು ಎರಕದಲ್ಲಿ ಎಷ್ಟು ಹಾಳಾದರೆ ‘ನಡೀತದೆ’, ಎಷ್ಟರ ಮೇಲೆ ಜಗಳ, ಎಷ್ಟು ದಿನದೊಳಗೆ ದೂರು ಹೇಳಬೇಕು, ಮೆಷಿನಿಂಗ್ ಖರ್ಚು ಯಾರ ತಲೆಗೆ, ಇದೆಲ್ಲ ಆರ್ಡರಿನ ಕಾಗದದಲ್ಲಿ ಪೂರ್ತಿ ಬರೆದಿರುವುದಿಲ್ಲ. ಆ ಧಂದೆಯ ರೂಢಿ ಅದನ್ನು ತುಂಬುತ್ತದೆ, ರೂಢಿಯ ಹಿಂದೆ ಕೋರ್ಟು, ಕಾಯ್ದೆ ನಿಂತಿರುತ್ತವೆ. ಇಂಗ್ಲೆಂಡಿನ ಚಿಂತಕ ಹರ್ಬರ್ಟ್ ಸ್ಪೆನ್ಸರ್ ‘ಹೊಸ ಸಮಾಜ ಅಂದರೆ ಸ್ವಂತ ಲಾಭಕ್ಕೆ ಮಾಡಿಕೊಂಡ ಕರಾರುಗಳ ಮೊತ್ತ’ ಎಂಬ ರೀತಿಯಲ್ಲಿ ವಾದಿಸಿದ್ದ. ಕರಾರಿನಲ್ಲಿ ಇರುವುದೆಲ್ಲ ಕರಾರಿನಿಂದ ಬಂದದ್ದಲ್ಲ ಎಂದು ಡರ್ಖೈಮ್ ತಿರುಗಿ ಹೇಳಿದ. ಬರೀ ಲಾಭ ನಂಬಿ ಕೂತರೆ ಇವತ್ತಿನ ಗೆಳೆಯ ನಾಳೆ ಎದುರಾಳಿ. ಮಾತು ಕೊಟ್ಟರೆ ಉಳಿಸಿಕೊಳ್ಳಬೇಕು ಎಂಬ ನಿಯಮ ಕರಾರಿಗಿಂತ ಮೊದಲೇ ಇರಬೇಕು.

ಆ ನಿಯಮ ಕೂಡಿಬರದಿದ್ದರೆ ಏನಾಗುತ್ತದೆ? ಪ್ರತಿ ಹಂಗಾಮಿನಲ್ಲಿ ನಮ್ಮ ರಸ್ತೆಗಳ ಮೇಲೆ ಅದು ಕಾಣುತ್ತದೆ. ಕಬ್ಬು ಕಡಿದ ಮೇಲೆ ಕಾಯುವುದಿಲ್ಲ. ಒಂದು ದಿನ ದಾಟಿದರೆ ತೂಕ ಇಳಿಯುತ್ತದೆ, ಸಕ್ಕರೆ ಇಳುವರಿಯೂ ಇಳಿಯುತ್ತದೆ. ರೈತ, ಕಡಿಯುವ ಗ್ಯಾಂಗು, ಟ್ರ್ಯಾಕ್ಟರ್‌ನವ, ಕಾರ್ಖಾನೆ ಒಬ್ಬರನ್ನು ಬಿಟ್ಟು ಒಬ್ಬರು ಬದುಕಲಾರರು. ಡರ್ಖೈಮ್ ಹೇಳಿದ ಅಂಗಗಳೆಲ್ಲ ಇಲ್ಲಿವೆ. ಆದರೂ ಹಂಗಾಮು ಶುರುವಾಗುವ ಹೊತ್ತಿಗೆ ದರದ ಜಗಳ, ರಸ್ತೆ ತಡೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ ₹3,500 ಕೇಳಿ ಕೂತದ್ದು ನಿಮಗೆ ನೆನಪಿರಬಹುದು. ಕೇಂದ್ರ ಕನಿಷ್ಠ ದರ ಗೊತ್ತು ಮಾಡುತ್ತದೆ, ಸರಿ. ಆದರೆ ಅದರಲ್ಲಿ ಕಡಿಯುವ, ಸಾಗಿಸುವ ಖರ್ಚು ಎಷ್ಟು ಕಳೆಯಬೇಕು, ಇಳುವರಿ ಅಳೆಯುವಾಗ ನೋಡುವವರು ಯಾರು, ತೂಕವನ್ನು ಯಾಕೆ ನಂಬಬೇಕು? ಈ ನಡುವಿನ ನಿಯಮಗಳ ಮೇಲೆ ಎರಡೂ ಕಡೆಗೆ ಭರವಸೆ ಇಲ್ಲ. ಇದೇ ನಿಯಮಶೂನ್ಯ ಶ್ರಮ ವಿಭಜನೆ, ಡರ್ಖೈಮ್ ಹೇಳಿದ ಮೊದಲ ರೋಗರೂಪ. ಅಂಗಗಳು ಇವೆ, ಅವುಗಳ ನಡುವೆ ನರ ಇಲ್ಲ. ಡರ್ಖೈಮ್ ಕಂಡ ಉದಾಹರಣೆಗಳೂ ಇವೇ: ದೊಡ್ಡ ಉದ್ಯಮ, ದೂರದ ಪೇಟೆ, ಮುಖ ನೋಡದ ಮಾಲೀಕ ಮತ್ತು ಕೆಲಸಗಾರ.

ಅದೇ ಕಬ್ಬಿನ ಗದ್ದೆಯಲ್ಲಿ ಎರಡನೆಯದು, ಒತ್ತಾಯದ ರೂಪವೂ ಇದೆ. ಗ್ಯಾಂಗಿನವರು ಆಳುಗಳನ್ನು ಒದಗಿಸುವ ಮುಕಾದಮನಿಂದ ಮುಂಗಡ ತೆಗೆದುಕೊಂಡು ಬಂದಿರುತ್ತಾರೆ. ಮಳೆಗಾಲದಲ್ಲಿ ತಿಂದದ್ದನ್ನು ಚಳಿಗಾಲದಲ್ಲಿ ಕಡಿದು ತೀರಿಸಬೇಕು. ಕಾಗದದ ಮೇಲೆ ಅದು ಒಪ್ಪಿಗೆಯ ಕರಾರು. ಒಬ್ಬನ ಕೈಯಲ್ಲಿ ದುಡ್ಡು, ಇನ್ನೊಬ್ಬನ ಮನೆಯಲ್ಲಿ ಹಸಿವು ಇದ್ದಾಗ ಆ ಒಪ್ಪಿಗೆಗೆ ತೂಕ ಕಡಿಮೆ ಎಂದು ಡರ್ಖೈಮ್ ಸ್ಪಷ್ಟವಾಗಿ ಬರೆದಿದ್ದಾನೆ. ಹುಟ್ಟಿನಿಂದಲೇ ಬಡವ, ಹುಟ್ಟಿನಿಂದಲೇ ಶ್ರೀಮಂತ ಎಂಬುದು ಇರುವ ತನಕ ನ್ಯಾಯವಾದ ಕರಾರು ಸಾಧ್ಯವಿಲ್ಲ ಎಂಬುದು ಅವನ ನಿಲುವು. ಮೂರನೆಯ ರೋಗರೂಪವೂ ಒಂದಿದೆ, ಕೆಲಸ ಹಂಚಿದ್ದರೂ ಯಾರಿಗೂ ಪೂರ್ತಿ ಕೆಲಸ ಇಲ್ಲದ ಸ್ಥಿತಿ. ಪರೀಕ್ಷೆಯಲ್ಲಿ ಅದಕ್ಕೆ ಎರಡು ಸಾಲು ಬರೆದರೆ ಸಾಕು.

ಇನ್ನು ಅವನ ಸಿದ್ಧಾಂತ ಎಲ್ಲಿ ಕುಂಟುತ್ತದೆ ಅಂತಲೂ ಬರೆಯಿರಿ, ನೋಟ್ಸಿನಲ್ಲಿ ಇದು ಇರುವುದು ಕಡಿಮೆ. ಹಿಂದಿನ ಸಮಾಜದಲ್ಲಿ ದಮನ, ಈಗಿನದರಲ್ಲಿ ಪರಿಹಾರ ಎಂಬ ಕ್ರಮಕ್ಕೆ ಸಾಕ್ಷಿ ಗಟ್ಟಿ ಇಲ್ಲ. ಮಾನವಶಾಸ್ತ್ರಜ್ಞ ಮ್ಯಾಲಿನೋಸ್ಕಿ 1926ರಲ್ಲಿ ಟ್ರೋಬ್ರಿಯಾಂಡ್ ದ್ವೀಪಗಳ ಬಗ್ಗೆ ಬರೆಯುತ್ತಾ, ಅಲ್ಲಿನವರನ್ನು ಕಟ್ಟಿಹಾಕಿದ್ದು ಕೊಟ್ಟು ತೆಗೆದುಕೊಳ್ಳುವ ಋಣವೇ ಎಂದು ತೋರಿಸಿದ. ಕರಾವಳಿಯವರು ಮೀನು ಕೊಡುವುದು, ಒಳನಾಡಿನವರು ಗೆಣಸು ಕೊಡುವುದು. 1964ರಲ್ಲಿ ಶ್ವಾರ್ಟ್ಜ್ ಮತ್ತು ಮಿಲ್ಲರ್ ಎಂಬ ಸಂಶೋಧಕರು 51 ಸಮಾಜಗಳನ್ನು ಹೋಲಿಸಿ ನೋಡಿದರು. ಸರಳ ಸಮಾಜಗಳಲ್ಲಿ ರಾಜಿ, ಪರಿಹಾರಗಳೇ ಮೊದಲು ಕಂಡವು, ಪೊಲೀಸು ಬಂದದ್ದು ಆಮೇಲೆ. ನಿಮ್ಮ ಅಜ್ಜನ ಆಯದಲ್ಲೂ ಋಣದ ಈ ಎಳೆ ಇತ್ತು. ಹಾಗಾಗಿ ನಿಮ್ಮ ಆಕ್ಷೇಪ ಪೂರ್ತಿ ಸುಳ್ಳಲ್ಲ, ನಾನು ಮೇಲೆ ಹೇಳಿದ್ದರ ಪಕ್ಕದಲ್ಲಿ ಅದಕ್ಕೂ ಜಾಗ ಇದೆ.

ನಗರದಲ್ಲಿ ಹಳೆಯ ಅಂಟು ಒಣಗಿ ಹೋಗಿದೆ ಅಂತಲೂ ತಿಳಿಯಬೇಡಿ. ಬೆಳಗಾವಿಯಲ್ಲಿ ಒಂದು ಬೋರ್ಡಿನ ಭಾಷೆಗೆ ಎಷ್ಟು ಬೇಗ ಗುಂಪು ಸೇರುತ್ತದೆ ನೋಡಿದ್ದೀರಲ್ಲ. ಯಾರ ಜೇಬಿನಿಂದಲೂ ಏನೂ ಹೋಗಿರುವುದಿಲ್ಲ, ಸಿಟ್ಟು ಮಾತ್ರ ಎಲ್ಲರದು. ಫೌಂಡ್ರಿಗೆ ನಿಮ್ಮನ್ನು ಸೇರಿಸಿದ್ದು ಯಾರು? ನಿಮ್ಮೂರಿನವರೋ ನಿಮ್ಮ ಪೈಕಿಯವರೋ ಆಗಿದ್ದರೆ, ಸಾವಯವ ಸರಪಳಿಯೊಳಗೆ ನೀವು ಹೊಕ್ಕದ್ದು ಯಾಂತ್ರಿಕ ಬಾಗಿಲಿನಿಂದ.

ಕಡೆಗೆ ಒಂದು ಕೆಲಸ ಹೇಳುತ್ತೇನೆ. ಈ ಸಲ ಊರಿಗೆ ಹೋದಾಗ ಹಿರಿಯರ ಹತ್ತಿರ ‘ಆಯ ಹೇಗಿತ್ತು’ ಅಂತ ಕೇಳಬೇಡಿ, ಎಲ್ಲ ಚಂದ ಇತ್ತು ಅಂತಾರೆ. ಆಯ ಕೊಡದೆ ಹೋದ ಒಂದು ಮನೆಯ ಕಥೆ ಕೇಳಿ. ಯಾರು ದೂರು ಹೇಳಿದರು, ಎಲ್ಲಿ ಕೂತರು, ಎಷ್ಟು ಜೋಳಕ್ಕೆ ಮುಗಿಯಿತು, ಅಥವಾ ಜೋಳ ಕೊಟ್ಟರೂ ಮುಗಿಯದೆ ದೇವರ ಮುಂದೆ ತಪ್ಪೊಪ್ಪಿಕೊಳ್ಳಬೇಕಾಯಿತಾ? ಜೋಳಕ್ಕೇ ಮುಗಿದಿದ್ದರೆ ನಿಮ್ಮ ಕಡೆ ಒಂದು ಅಂಕ. ದೇವರ ಮುಂದೆ ಹೋಗಿದ್ದರೆ ಡರ್ಖೈಮ್ ಕಡೆ.